ಎಂಟು ಕೋಣೆ ಬೇಕೇ ಬೇಕು, ಏಳರಲ್ಲಿ ಆಗದು. ಯಾಕೆ?

ನಿಮ್ಮ ತರಗತಿಯ ಅಂಗಳದಲ್ಲಿ ಒಂದು ಆಟ ಆಡಿಸಬಹುದು. ಸುಣ್ಣದಕಡ್ಡಿಯಲ್ಲಿ ಕುಂಟಾಬಿಲ್ಲೆಗೆ ಬರೆದ ಹಾಗೆ ನೆಲದ ಮೇಲೆ ಕೆಲವು ಕೋಣೆಗಳನ್ನು ಬರೆಯಿರಿ. ಪ್ರತಿ ಕೋಣೆಯಿಂದ ಎರಡು ಬಾಣ ಹೊರಡಬೇಕು. ಒಂದರ ಮೇಲೆ 0, ಇನ್ನೊಂದರ ಮೇಲೆ 1. ಬಾಣ ಬೇರೆ ಕೋಣೆಗೆ ಹೋಗಬಹುದು, ಅಥವಾ ಸುತ್ತಿ ಬಂದು ಅದೇ ಕೋಣೆಗೆ ಸೇರಬಹುದು. ಕೆಲವು ಕೋಣೆಗಳಲ್ಲಿ 'ಹೌದು' ಎಂದು ಬರೆಯಿರಿ, ಉಳಿದವುಗಳಲ್ಲಿ 'ಇಲ್ಲ' ಎಂದು. ಒಂದು ಕೋಣೆಯನ್ನು ಆರಂಭದ ಕೋಣೆ ಎಂದು ಗುರುತು ಮಾಡಿ ಒಬ್ಬ ಹುಡುಗನನ್ನು ಅಲ್ಲಿ ನಿಲ್ಲಿಸಿ. ನೀವು ಒಂದೊಂದಾಗಿ 0, 1 ಎಂದು ಹೇಳುತ್ತಾ ಹೋಗುತ್ತೀರಿ, ಅವನು ಬಾಣ ಹಿಡಿದು ನಡೆಯುತ್ತಾನೆ. ನೀವು "ನಿಲ್ಲು" ಅಂದಾಗ ಅವನು ನಿಂತ ಕೋಣೆಯಲ್ಲಿ ಏನು ಬರೆದಿದೆಯೋ ಅದೇ ಉತ್ತರ.

ನಿಯಮ ಒಂದೇ. ಹುಡುಗ ಏನನ್ನೂ ಬರೆದುಕೊಳ್ಳುವ ಹಾಗಿಲ್ಲ, ಬೆರಳಲ್ಲಿ ಲೆಕ್ಕ ಹಿಡಿಯುವ ಹಾಗೂ ಇಲ್ಲ. ಯಾವ ಕೋಣೆಯಲ್ಲಿ ಇದ್ದೇನೆ ಎಂಬುದಷ್ಟೇ ಅವನಿಗೆ ಗೊತ್ತು. ಕಂಪ್ಯೂಟರ್ ವಿಜ್ಞಾನದವರು ಇದನ್ನೇ ಡಿಟರ್ಮಿನಿಸ್ಟಿಕ್ ಫೈನೈಟ್ ಆಟೊಮ್ಯಾಟನ್, ಚಿಕ್ಕದಾಗಿ ಡಿ.ಎಫ್.ಎ., ಎನ್ನುತ್ತಾರೆ. ನಾವು ಕೋಣೆ ಎನ್ನುವುದಕ್ಕೆ ಅವರು ಸ್ಟೇಟ್ ಎನ್ನುತ್ತಾರೆ. ಬಿ.ಸಿ.ಎ. ಓದುವ ನಮ್ಮ ಹಳೆಯ ವಿದ್ಯಾರ್ಥಿಗಳ ಪಠ್ಯದಲ್ಲಿ ಇದು ಬರುತ್ತದೆ. ಆದರೆ ಇದಕ್ಕೆ ಬೇಕಾದ ಗಣಿತ ಎಂಟನೇ ತರಗತಿಯದ್ದಕ್ಕಿಂತ ಹೆಚ್ಚಿಲ್ಲ.

ಈಗ ಪ್ರಶ್ನೆ. ನೀವು ಹೇಳಿದ ಸಾಲಿನಲ್ಲಿ ಕೊನೆಯಿಂದ ಮೂರನೆಯ ಅಂಕೆ 1 ಆಗಿದ್ದರೆ ಹುಡುಗ 'ಹೌದು' ಕೋಣೆಯಲ್ಲಿ ನಿಂತಿರಬೇಕು, ಇಲ್ಲದಿದ್ದರೆ 'ಇಲ್ಲ' ಕೋಣೆಯಲ್ಲಿ. ಉದಾಹರಣೆಗೆ 10110 ತೆಗೆದುಕೊಳ್ಳಿ. ಕೊನೆಯಿಂದ ಎಣಿಸಿದರೆ 0, 1, 1. ಮೂರನೆಯದು 1, ಉತ್ತರ ಹೌದು. 11010ರಲ್ಲಿ ಕೊನೆಯಿಂದ 0, 1, 0. ಉತ್ತರ ಇಲ್ಲ. ಸಾಲಿನಲ್ಲಿ ಮೂರಕ್ಕಿಂತ ಕಡಿಮೆ ಅಂಕೆಗಳಿದ್ದರೆ ಮೂರನೆಯದೇ ಇಲ್ಲವಲ್ಲ, ಆಗಲೂ ಉತ್ತರ ಇಲ್ಲ. ಕಷ್ಟ ಎಲ್ಲಿದೆ ಅಂದರೆ, ನೀವು ಯಾವಾಗ "ನಿಲ್ಲು" ಅನ್ನುತ್ತೀರಿ ಎಂಬುದು ಹುಡುಗನಿಗೆ ಮೊದಲೇ ಗೊತ್ತಿಲ್ಲ. ಕೊನೆ ಯಾವುದು ಅಂತ ತಿಳಿಯುವಷ್ಟರಲ್ಲಿ ಮೂರನೆಯ ಅಂಕೆ ಹಿಂದೆ ಹೋಗಿಬಿಟ್ಟಿರುತ್ತದೆ.

ಎಂಟು ಕೋಣೆಗಳಿದ್ದರೆ ಕೆಲಸ ಸುಲಭ. ಕೋಣೆಗಳಿಗೆ 000, 001, 010, 011, 100, 101, 110, 111 ಎಂದು ಹೆಸರಿಡಿ. ಹೆಸರು ಈವರೆಗೆ ಕೇಳಿದ ಕೊನೆಯ ಮೂರು ಅಂಕೆಗಳನ್ನು ಹೇಳುತ್ತದೆ. ಹೊಸ ಅಂಕೆ ಬಂದಾಗ ಹೆಸರಿನ ಮೊದಲ ಅಂಕೆಯನ್ನು ಬಿಟ್ಟು, ಹೊಸದನ್ನು ಕೊನೆಗೆ ಸೇರಿಸಿದರೆ ಸಿಗುವ ಕೋಣೆಗೆ ಬಾಣ. ಅಂದರೆ 010ರಲ್ಲಿದ್ದಾಗ 1 ಬಂದರೆ 101ಕ್ಕೆ, 0 ಬಂದರೆ 100ಕ್ಕೆ. ಹೆಸರು 1ರಿಂದ ಶುರುವಾಗುವ ನಾಲ್ಕು ಕೋಣೆಗಳಲ್ಲಿ 'ಹೌದು', ಉಳಿದ ನಾಲ್ಕರಲ್ಲಿ 'ಇಲ್ಲ'. ಆರಂಭದ ಕೋಣೆ 000. 10110 ಅನ್ನು ನಡೆಸಿ ನೋಡಿ: 000ರಿಂದ 001, 010, 101, 011, ಕೊನೆಗೆ 110. ಹೆಸರು 1ರಿಂದ ಶುರು, ಉತ್ತರ ಹೌದು. ಸರಿಯಾಯಿತು.

ಆರಂಭಕ್ಕೆ 000 ಏಕೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ, ಕೇಳಬೇಕು ಕೂಡ. ಇನ್ನೂ ಏನೂ ಹೇಳಿಲ್ಲದಾಗ ಮೂರು ಸೊನ್ನೆ ಎಲ್ಲಿಂದ ಬಂತು? ಕೆಲವರು ಇದಕ್ಕೆ ಹೆದರಿ, ಖಾಲಿ ಸಾಲಿಗೆ ಒಂದು ಕೋಣೆ, ಒಂದಂಕೆಯ ಸಾಲುಗಳಿಗೆ ಎರಡು, ಎರಡಂಕೆಯವುಗಳಿಗೆ ನಾಲ್ಕು, ಆಮೇಲೆ ಎಂಟು, ಹೀಗೆ ಹದಿನೈದು ಕೋಣೆ ಬರೆಯುತ್ತಾರೆ. ಅದು ತಪ್ಪಲ್ಲ, ದುಂದು. ಸಾಲಿನ ಮುಂದೆ ಮೂರು ಸೊನ್ನೆ ಇತ್ತು ಅಂತ ಸುಮ್ಮನೆ ಅಂದುಕೊಂಡರೆ ಯಾವ ಉತ್ತರವೂ ಕೆಡುವುದಿಲ್ಲ. ಚಿಕ್ಕ ಸಾಲಿನಲ್ಲಿ ಕೊನೆಯಿಂದ ಮೂರನೆಯ ಜಾಗಕ್ಕೆ ಆ ಕಲ್ಪಿತ ಸೊನ್ನೆಯೇ ಬಂದು 'ಇಲ್ಲ' ಎನಿಸುತ್ತದೆ, ನಮಗೆ ಬೇಕಾದದ್ದೂ ಅದೇ. ಮೂರು ಅಂಕೆ ತುಂಬಿದ ಮೇಲೆ ಕಲ್ಪಿತ ಸೊನ್ನೆಗಳು ತಾವಾಗಿಯೇ ಹೊರಗೆ ಬಿದ್ದುಹೋಗುತ್ತವೆ.

ಇಲ್ಲಿಯವರೆಗೆ ಜಗಳ ಇಲ್ಲ. ಎಂಟು ಸಾಕು ಎಂದಾಯಿತು. ಎಂಟು ಬೇಕೇ ಬೇಕಾ? ನಾನು ಎಡವಿದ್ದು ಇಲ್ಲಿ.

ನಮ್ಮ ಶಿಕ್ಷಕರ ಕೂಟವೊಂದರಲ್ಲಿ ಈ ಆಟ ತೋರಿಸಿ, "ಮೂರು ಅಂಕೆ ನೆನಪಿಡಬೇಕು, ಒಂದೊಂದಕ್ಕೂ ಎರಡು ಸಾಧ್ಯತೆ, ಎರಡರ ಮೂರನೆಯ ಘಾತ ಎಂಟು, ಆದ್ದರಿಂದ ಎಂಟು ಬೇಕು" ಎಂದು ಬೋರ್ಡಿನ ಮೇಲೆ ಬರೆದು ಕೈ ಒರೆಸಿಕೊಂಡೆ. ಹಿಂದಿನ ಸಾಲಿನಿಂದ ಹಿರಿಯ ಟೀಚರ್ ಒಬ್ಬರು ಎದ್ದರು. "ಮಾಷ್ಟ್ರೇ, ದ್ವಿಮಾನದಲ್ಲಿ ಬರೆದ ಸಂಖ್ಯೆ ಮೂರರಿಂದ ಭಾಗ ಹೋಗುತ್ತಾ ಅಂತ ಹೇಳಬೇಕಾದರೆ ಪೂರ್ತಿ ಸಂಖ್ಯೆ ನೆನಪಿಡಬೇಕು ಅಂತ ಯಾರಿಗೂ ಅನಿಸುತ್ತದೆ. ಆದರೆ ಮೂರೇ ಕೋಣೆ ಸಾಕಲ್ಲ? ಹಾಗೇ ಇಲ್ಲೂ ಯಾರೋ ಒಬ್ಬ ಜಾಣ ಕಡಿಮೆಯಲ್ಲಿ ಮಾಡಿಬಿಟ್ಟರೆ?"

ಅವರು ಹೇಳಿದ್ದು ನಿಜ. ಭಾಗಾಕಾರದ ಆಟಕ್ಕೆ ಶೇಷ 0, ಶೇಷ 1, ಶೇಷ 2 ಎಂಬ ಮೂರು ಕೋಣೆ ಸಾಕು. ಎಡದಿಂದ ಒಂದು ಅಂಕೆ ಬಂದಾಗ ಹಳೆಯ ಸಂಖ್ಯೆ ಇಮ್ಮಡಿಯಾಗಿ ಹೊಸ ಅಂಕೆ ಕೂಡುತ್ತದೆ, ಶೇಷಕ್ಕೂ ಹಾಗೆಯೇ ಮಾಡಿ ಮೂರರಿಂದ ಭಾಗಿಸಿದರೆ ಮುಗಿಯಿತು. ನೂರು ಅಂಕೆಯ ಸಂಖ್ಯೆಯಾದರೂ ಹುಡುಗ ಮೂರು ಕೋಣೆಗಳಲ್ಲೇ ಓಡಾಡುತ್ತಾನೆ. 'ಇಷ್ಟು ನೆನಪಿಡಬೇಕು ಅನ್ನಿಸುತ್ತದೆ' ಎಂಬುದು ಸಾಧನೆ ಅಲ್ಲ. ನಾನು ಹೇಳಿದ್ದು ನನ್ನ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮಾತ್ರ. ಜಗತ್ತಿನ ಯಾವ ಏಳು ಕೋಣೆಯ ಯಂತ್ರವೂ ಈ ಕೆಲಸ ಮಾಡಲಾರದು ಎಂದು ಹೇಳಬೇಕಾದರೆ ಬೇರೆಯೇ ಮಾತು ಬೇಕು. ಏಳು ಕೋಣೆಗಳಿಂದ ಹದಿನಾಲ್ಕು ಬಾಣ ಹೊರಡುತ್ತವೆ, ಪ್ರತಿಯೊಂದೂ ಏಳರಲ್ಲಿ ಯಾವ ಕೋಣೆಗೂ ಹೋಗಬಹುದು. ಅಷ್ಟೂ ನಕ್ಷೆಗಳನ್ನು ಬರೆದು ನೋಡುವುದು ನಮ್ಮಿಂದಾಗುವ ಕೆಲಸವಲ್ಲ.

ಮರುವಾರ ಇನ್ನೂ ಪೇಚಿಗೆ ಸಿಕ್ಕಿದೆ. ಒಂಬತ್ತನೇ ತರಗತಿಯ ಇಬ್ಬರು ಹುಡುಗಿಯರು ಏಳು ಕೋಣೆಯ ನಕ್ಷೆ ತಂದು ಮೇಜಿನ ಮೇಲಿಟ್ಟರು. "ಸರ್, 110, 111 ಎರಡೂ 'ಹೌದು' ಕೋಣೆಗಳೇ ಅಲ್ವಾ? ಎರಡನ್ನೂ ಸೇರಿಸಿ ಒಂದೇ ಮಾಡಿದ್ದೇವೆ." ಆ ಜೋಡಿ ಕೋಣೆಗೆ ಅವರು 'ಜ' ಎಂದು ಹೆಸರಿಟ್ಟಿದ್ದರು. ಜ ಕೋಣೆಯಿಂದ 0 ಬಂದರೆ 100ಕ್ಕೆ, 1 ಬಂದರೆ ಜ ಕೋಣೆಯಲ್ಲೇ. ಉಳಿದ ಬಾಣಗಳೆಲ್ಲ ಮೊದಲಿನಂತೆ, ಅಂದರೆ 011ರಿಂದ ಯಾವ ಅಂಕೆ ಬಂದರೂ ಜ ಕೋಣೆಗೆ.

ಸ್ಟಾಫ್‌ರೂಮಿನಲ್ಲಿ ಕೂತು ಪರೀಕ್ಷಿಸಿದೆವು. ಒಂದಂಕೆಯ ಎರಡು ಸಾಲು, ಎರಡಂಕೆಯ ನಾಲ್ಕು, ಮೂರಂಕೆಯ ಎಂಟು, ನಾಲ್ಕಂಕೆಯ ಹದಿನಾರು. ಒಟ್ಟು ಮೂವತ್ತು. ಮೂವತ್ತಕ್ಕೆ ಮೂವತ್ತೂ ಸರಿ! ಉದಾಹರಣೆಗೆ 1110: ಮೂರು ಒಂದುಗಳಿಗೆ ಜ, ಆಮೇಲೆ 100, ಉತ್ತರ ಹೌದು. ನಿಜವಾದ ಉತ್ತರವೂ ಹೌದು. 1101: ಜ, ಮತ್ತೆ ಜ, ಹೌದು. ಅದೂ ಸರಿ. ಪಕ್ಕದಲ್ಲಿದ್ದವರು "ನಿಮ್ಮ ಎಂಟು ಏಳಾಯಿತಲ್ಲ" ಅಂತ ನಕ್ಕರು. ಮೂವತ್ತು ಉದಾಹರಣೆ ಹೊಂದಿದ ಮೇಲೆ ನಾವು ತರಗತಿಯಲ್ಲಿ ಎಷ್ಟು ಸಲ "ಆದ್ದರಿಂದ ಸರಿ" ಅಂದಿಲ್ಲ!

ನೀವಾಗಿದ್ದರೆ ತಪ್ಪನ್ನು ಎಲ್ಲಿ ಹುಡುಕುತ್ತಿದ್ದಿರಿ? ಐದಂಕೆಯ ಮೂವತ್ತೆರಡು ಸಾಲುಗಳನ್ನೂ ನಡೆಸಬಹುದು, ಸಿಗದಿದ್ದರೆ ಆರಂಕೆಯ ಅರವತ್ತನಾಲ್ಕನ್ನು. ಆದರೆ ಹಾಗೆ ಕುರುಡಾಗಿ ಹುಡುಕಬೇಕಾಗಿಲ್ಲ. ಒಂದು ಸರಳ ಸಂಗತಿ ಹಿಡಿದರೆ ತಪ್ಪು ಇರುವ ಜಾಗ ತಾನೇ ತೋರುತ್ತದೆ.

ಆ ಸಂಗತಿ ಇದು. ಎರಡು ಬೇರೆ ಬೇರೆ ಸಾಲುಗಳು ಹುಡುಗನನ್ನು ಒಂದೇ ಕೋಣೆಗೆ ತಂದು ನಿಲ್ಲಿಸಿದವು ಎನ್ನಿ. ಆ ಕ್ಷಣದಿಂದ ಅವನಿಗೆ ತಾನು ಯಾವ ಸಾಲಿನಿಂದ ಬಂದೆ ಎಂಬುದು ಮರೆತುಹೋಯಿತು. ಮುಂದೆ ಎರಡಕ್ಕೂ ಒಂದೇ ಬಾಲ ಜೋಡಿಸಿದರೆ, ಅಂದರೆ ಅವೇ ಅಂಕೆಗಳನ್ನು ಹೇಳಿದರೆ, ಎರಡು ಸಲವೂ ಒಂದೇ ದಾರಿ ಹಿಡಿದು ಒಂದೇ ಕೋಣೆಗೆ ಹೋಗುತ್ತಾನೆ, ಒಂದೇ ಉತ್ತರ ಕೊಡುತ್ತಾನೆ. ಹಾಗಾದರೆ ಯಾವುದೋ ಒಂದು ಬಾಲ ಜೋಡಿಸಿದಾಗ ಸರಿಯಾದ ಉತ್ತರಗಳು ಬೇರೆ ಬೇರೆ ಆಗುತ್ತವೆ ಎಂದು ತೋರಿಸಿಬಿಟ್ಟರೆ ಸಾಕು, ಆ ಎರಡು ಸಾಲುಗಳು ಒಂದು ಕೋಣೆಯಲ್ಲಿ ಇರಲೇಬಾರದು. ಇದರಲ್ಲಿ ಕೋಣೆಗಳ ಹೆಸರೇನು, ಯಂತ್ರ ಮಾಡಿದವನ ಉಪಾಯವೇನು, ಯಾವುದೂ ಬೇಕಿಲ್ಲ.

ಹುಡುಗಿಯರ ನಕ್ಷೆಯಲ್ಲಿ 110 ಮತ್ತು 111 ಎಂಬ ಸಾಲುಗಳು ಒಂದೇ ಕೋಣೆಗೆ ಬರುತ್ತವೆ. ಇವೆರಡರ ವ್ಯತ್ಯಾಸ ಕೊನೆಯ ಅಂಕೆಯಲ್ಲಿ ಮಾತ್ರ. ಆ ಕೊನೆಯ ಅಂಕೆ ಕೊನೆಯಿಂದ ಮೂರನೆಯದಾಗುವ ಹಾಗೆ ಹಿಂದೆ ತಳ್ಳಬೇಕು. ಅದಕ್ಕೆ ಎರಡು ಅಂಕೆ ಸೇರಿಸಿದರಾಯಿತು. 00 ಸೇರಿಸಿ. 11000ರ ಉತ್ತರ ಇಲ್ಲ, 11100ರ ಉತ್ತರ ಹೌದು. ಇಬ್ಬರ ಯಂತ್ರ ಎರಡಕ್ಕೂ ಜ, 100, 000 ಎಂದು ನಡೆದು 'ಇಲ್ಲ' ಎನ್ನುತ್ತದೆ. 11100ರಲ್ಲಿ ಸಿಕ್ಕಿಬಿತ್ತು. ಆಮೇಲೆ ಐದಂಕೆಯ ಮೂವತ್ತೆರಡನ್ನೂ ನಡೆಸಿ ನೋಡಿದಾಗ ತಪ್ಪು ಬಂದವು ನಾಲ್ಕೇ: 11010, 11011, 11100, 11101. ನಾಲ್ಕಂಕೆಯವರೆಗೆ ತಪ್ಪು ಕಾಣಿಸದೆ ಇದ್ದದ್ದಕ್ಕೆ ಕಾರಣವೂ ಅದೇ. 110, 111ರ ಕೊನೆಯ ಅಂಕೆ ಕೇಳುವ ಸರದಿ ಇನ್ನೆರಡು ಹೆಜ್ಜೆ ಆದ ಮೇಲೆ ಬರುತ್ತದೆ. ಜ ಕೋಣೆಯಲ್ಲಿ ಮರೆತದ್ದು ಎರಡು ಹೆಜ್ಜೆ ತಡವಾಗಿ ಬೇಕಾಗುತ್ತದೆ.

ಜ ಕೋಣೆಯ ಬಾಣಗಳನ್ನು ಬೇರೆ ಥರ ಹಾಕಿದರೆ? ಹುಡುಗಿಯರು ಬಿಡಲಿಲ್ಲ, ಕೇಳಿದರು. ಬಾಣ ಎತ್ತ ಹಾಕಿದರೂ 110, 111 ಒಂದೇ ಕೋಣೆಗೆ ಬಂದವು ಅಂದರೆ 11000, 11100 ಎರಡಕ್ಕೂ ಒಂದೇ ಉತ್ತರ. ಎರಡರಲ್ಲಿ ಒಂದು ತಪ್ಪಲೇಬೇಕು. ಬಾಣಗಳನ್ನು ನೋಡುವ ಅಗತ್ಯವೇ ಇಲ್ಲ.

ಇನ್ನು ಇದನ್ನೇ ಎಲ್ಲ ಜೋಡಿಗಳಿಗೂ ಹರಡಿ. ಮೂರಂಕೆಯ ಎಂಟು ಸಾಲುಗಳಿವೆ, ಜೋಡಿಗಳು ಇಪ್ಪತ್ತೆಂಟು. ಒಂದೊಂದನ್ನೂ ಬೇರೆ ಬೇರೆಯಾಗಿ ನೋಡುವ ಬದಲು ಮೂರು ಬಾಲಗಳನ್ನು ಇಟ್ಟುಕೊಳ್ಳೋಣ: ಖಾಲಿ ಬಾಲ, 0, ಮತ್ತು 00. ಯಾವುದಾದರೂ ಮೂರಂಕೆಯ ಸಾಲಿಗೆ ಏನೂ ಸೇರಿಸದೆ "ನಿಲ್ಲು" ಅಂದರೆ ಕೊನೆಯಿಂದ ಮೂರನೆಯದು ಅದರ ಮೊದಲ ಅಂಕೆ. ಒಂದು 0 ಸೇರಿಸಿ ನಿಲ್ಲಿಸಿದರೆ ಮೂರನೆಯದು ಅದರ ಎರಡನೆಯ ಅಂಕೆ. 00 ಸೇರಿಸಿದರೆ ಅದರ ಮೂರನೆಯ ಅಂಕೆ. 011 ಎತ್ತಿಕೊಳ್ಳಿ: 011ಕ್ಕೆ ಇಲ್ಲ, 0110ಕ್ಕೆ ಹೌದು, 01100ಕ್ಕೆ ಹೌದು. ಇಲ್ಲ-ಹೌದು-ಹೌದು ಎಂಬುದನ್ನು 0-1-1 ಎಂದು ಓದಿದರೆ ಮೂಲ ಸಾಲೇ ಸಿಕ್ಕಿತು!

ಅಂದರೆ, ಹುಡುಗ ನಿಂತ ಕೋಣೆಯೊಂದನ್ನು ನೋಡಿ, ಮೂರು ಬಾಲಗಳನ್ನು ಪ್ರಯೋಗಿಸಿ, ಅವನಿಗೆ ಹೇಳಿದ ಮೂರು ಅಂಕೆಗಳನ್ನು ನಾವು ತಪ್ಪಿಲ್ಲದೆ ವಾಪಸು ಪಡೆಯಬಹುದು. ಯಂತ್ರ ಸರಿಯಾಗಿದ್ದರೆ ಇದು ಆಗಲೇಬೇಕು, ಅದರೊಳಗೆ ಏನೇ ಉಪಾಯ ಇರಲಿ. ಎಂಟು ಸಾಲುಗಳಿಗೆ ಎಂಟು ಬೇರೆ ಬೇರೆ ಉತ್ತರಮಾಲೆ. ಒಂದೇ ಕೋಣೆಗೆ ಎರಡು ಉತ್ತರಮಾಲೆ ಇರಲು ಸಾಧ್ಯವಿಲ್ಲ. ಆದ್ದರಿಂದ ಎಂಟು ಸಾಲು ಎಂಟು ಬೇರೆ ಕೋಣೆಗಳಲ್ಲಿ ನಿಲ್ಲಬೇಕು. ಏಳೇ ಕೋಣೆ ಇದ್ದರೆ ಎಂಟು ಜನಕ್ಕೆ ಏಳು ಕುರ್ಚಿ ಹಾಕಿದ ಹಾಗೆ, ಎರಡು ಸಾಲು ಒಂದರಲ್ಲಿ ಸೇರಲೇಬೇಕು, ಯಂತ್ರ ಎಲ್ಲೋ ಒಂದು ಕಡೆ ತಪ್ಪು ಹೇಳಲೇಬೇಕು. ಅದೂ ಬಹಳ ದೂರ ಹೋಗಿ ಅಲ್ಲ. ಕೂಡಿಕೊಂಡ ಎರಡು ಸಾಲು ಯಾವುವು ಎಂದು ಹುಡುಕಿ, ಅವು ಯಾವ ಅಂಕೆಯಲ್ಲಿ ಬೇರೆ ಎಂದು ನೋಡಿದರೆ, ಐದಂಕೆಯೊಳಗೆ ತಪ್ಪು ಸಿಗುತ್ತದೆ. ಯಾವ ಏಳು ಕೋಣೆಯ ನಕ್ಷೆ ತಂದರೂ ಸರಿ.

ಭಾಗಾಕಾರದ ಆಟದಲ್ಲಿ ಇದೇ ಪರೀಕ್ಷೆ ಏಕೆ ಮೂರಕ್ಕೇ ನಿಲ್ಲುತ್ತದೆ ನೋಡಿ. ಅಲ್ಲಿ 11 (ಮೂರು) ಮತ್ತು 110 (ಆರು) ಎರಡಕ್ಕೂ ಶೇಷ ಸೊನ್ನೆ. ಯಾವ ಬಾಲ ಜೋಡಿಸಿದರೂ ಎರಡರ ಶೇಷವೂ ಒಟ್ಟಿಗೇ ಬದಲಾಗುತ್ತದೆ, ಉತ್ತರ ಎಂದೂ ಬೇರೆಯಾಗುವುದಿಲ್ಲ. ಬೇರ್ಪಡಿಸುವ ಬಾಲ ಇಲ್ಲದ ಸಾಲುಗಳನ್ನು ನಿಶ್ಚಿಂತೆಯಿಂದ ಒಂದೇ ಕೋಣೆಗೆ ಹಾಕಬಹುದು. ನೆನಪಿಡಬೇಕಾದ್ದು ಕಂಡದ್ದನ್ನೆಲ್ಲ ಅಲ್ಲ, ಮುಂದೆ ವ್ಯತ್ಯಾಸ ಮಾಡುವುದನ್ನು ಮಾತ್ರ. ಆ ಟೀಚರಿಗೆ ನಾನು ಕೊಡಬೇಕಾಗಿದ್ದ ಉತ್ತರ ಇದು, ಒಂದು ವಾರ ತಡವಾಯಿತು. ಈ ಬಾಲಗಳ ವಿಚಾರವನ್ನು 1957–58ರ ಹೊತ್ತಿಗೆ ಜಾನ್ ಮೈಹಿಲ್ ಮತ್ತು ಅನಿಲ್ ನೆರೋಡ್ ಎಂಬ ಗಣಿತಜ್ಞರು ಪ್ರಮೇಯವಾಗಿ ಕಟ್ಟಿದರು. ಇಬ್ಬರ ಹೆಸರಿನಲ್ಲೇ ಅದು ಇಂದು ಪಠ್ಯಗಳಲ್ಲಿದೆ. ಬಾಲಗಳಿಂದ ಬೇರ್ಪಡಿಸಲಾಗದ ಸಾಲುಗಳನ್ನೆಲ್ಲ ಒಂದು ಗುಂಪು ಮಾಡಿದರೆ ಎಷ್ಟು ಗುಂಪು ಬರುತ್ತವೋ, ಅತಿ ಚಿಕ್ಕ ಯಂತ್ರಕ್ಕೆ ಅಷ್ಟೇ ಕೋಣೆ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಈ ಎಂಟು ಯಾವಾಗ ಎಂಟಾಗಿ ಉಳಿಯುತ್ತದೆ, ಯಾವಾಗ ಉಳಿಯುವುದಿಲ್ಲ ಎಂಬುದನ್ನೂ ಹೇಳಬೇಕು. ಪ್ರಶ್ನೆಯನ್ನು 'ಮೊದಲಿನಿಂದ ಮೂರನೆಯ ಅಂಕೆ 1' ಎಂದು ತಿರುಗಿಸಿದರೆ ಐದು ಕೋಣೆ ಸಾಕು: ಏನೂ ಬಂದಿಲ್ಲ, ಒಂದು ಬಂತು, ಎರಡು ಬಂತು, ಇವು ಮೂರು, ಮೂರನೆಯದು 1 ಆದರೆ ಶಾಶ್ವತ 'ಹೌದು', 0 ಆದರೆ ಶಾಶ್ವತ 'ಇಲ್ಲ', ಇವೆರಡು. ಸಾಲು ಅದೇ, ಓದುವ ದಿಕ್ಕು ಬೇರೆ, ಅಷ್ಟರಿಂದಲೇ ಎಂಟು ಐದಾಯಿತು. ಮೂರರ ಜಾಗದಲ್ಲಿ ಹತ್ತು ಇಟ್ಟರೆ ಅಂತರ ಇನ್ನೂ ಕಣ್ಣಿಗೆ ಹೊಡೆಯುತ್ತದೆ. ಮೊದಲಿನಿಂದ ಹತ್ತನೆಯದಾದರೆ 12 ಕೋಣೆ. ಕೊನೆಯಿಂದ ಹತ್ತನೆಯದಾದರೆ ಎರಡರ ಹತ್ತನೆಯ ಘಾತ, 1024. ಸಾಧನೆ ಅದೇ, ಬಾಲಗಳು ಮಾತ್ರ ಹತ್ತು: ಖಾಲಿಯಿಂದ ಹಿಡಿದು ಒಂಬತ್ತು ಸೊನ್ನೆಯವರೆಗೆ.

ಇನ್ನೊಂದು ಸಡಿಲಿಕೆ ಇದೆ. ಹುಡುಗನಿಗೆ ಊಹೆ ಮಾಡಲು ಬಿಟ್ಟರೆ ನಾಲ್ಕೇ ಕೋಣೆ ಸಾಕು. ಮೊದಲ ಕೋಣೆಯಲ್ಲಿ ಕಾಯುತ್ತಾ ಇರುತ್ತಾನೆ. ಯಾವುದಾದರೂ 1 ಬಂದಾಗ "ಇದೇ ಕೊನೆಯಿಂದ ಮೂರನೆಯದು" ಎಂದು ಪಣ ಕಟ್ಟಿ ಎರಡನೆಯ ಕೋಣೆಗೆ ಹಾರಬಹುದು, ಆಮೇಲೆ ಯಾವ ಅಂಕೆ ಬಂದರೂ ಮೂರನೆಯದಕ್ಕೆ, ಮತ್ತೊಂದು ಬಂದರೆ ನಾಲ್ಕನೆಯದಕ್ಕೆ. ಅಲ್ಲಿ 'ಹೌದು'. ಅದರ ಮೇಲೂ ಅಂಕೆ ಬಂದರೆ ಆ ಪಣ ಸೋತಿತು. ಯಾವುದಾದರೂ ಒಂದು ಪಣ ಗೆದ್ದರೆ ಸಾಲಿಗೆ ಹೌದು ಎನ್ನುವುದು ಇಲ್ಲಿಯ ಒಪ್ಪಂದ. ಇಂಥ ಊಹೆಯ ಯಂತ್ರಗಳನ್ನು ಮೈಕೆಲ್ ರಾಬಿನ್ ಮತ್ತು ಡೇನಾ ಸ್ಕಾಟ್ 1959ರ ಪ್ರಬಂಧದಲ್ಲಿ ಮುಂದಿಟ್ಟರು. ಊಹೆಯಿಲ್ಲದ ಯಂತ್ರ ಕೂಡ ಅದೇ ಕೆಲಸ ಮಾಡಬಲ್ಲದು, ಆದರೆ n ಕೋಣೆಗೆ ಹೆಚ್ಚೆಂದರೆ 2ⁿ ಕೋಣೆ ಬೇಕಾದೀತು ಎಂದೂ ತೋರಿಸಿದರು. ನಮ್ಮ ಉದಾಹರಣೆಯಲ್ಲಿ ಅದು ಬರೀ ಹೆದರಿಕೆಯಲ್ಲ. ಕೊನೆಯಿಂದ ಹತ್ತನೆಯದಕ್ಕೆ ಊಹೆಯ ಯಂತ್ರಕ್ಕೆ 11 ಕೋಣೆ, ಊಹೆಯಿಲ್ಲದ್ದಕ್ಕೆ 1024, ಕಡಿಮೆಗೆ ದಾರಿಯೇ ಇಲ್ಲ. ಒಂದೇ ಕೋಣೆಗೆ ಬಂದವರ ಮುಂದಿನ ದಾರಿ ಒಂದೇ ಎಂಬ ನಮ್ಮ ವಾದ ಪಣ ಕಟ್ಟುವ ಹುಡುಗನಿಗೆ ಅನ್ವಯಿಸುವುದಿಲ್ಲ, ಆದ್ದರಿಂದಲೇ ಅವನು ನಾಲ್ಕರಲ್ಲಿ ಪಾರಾಗುತ್ತಾನೆ.

ನಿಮ್ಮ ಮಕ್ಕಳಿಗೆ ಕೊಡಲು ಒಂದು ತಿರುವು ಇಟ್ಟುಕೊಳ್ಳಿ. ಕೊನೆಯಿಂದ ಮೂರನೆಯ ಅಂಕೆ 0 ಆಗಿದ್ದರೆ 'ಹೌದು' ಎನ್ನಬೇಕು, ಮೂರಕ್ಕಿಂತ ಚಿಕ್ಕ ಸಾಲುಗಳಿಗೆ ಮೊದಲಿನಂತೆ 'ಇಲ್ಲ'. ಬಹಳ ಮಕ್ಕಳು ಹಳೆಯ ನಕ್ಷೆಯಲ್ಲಿ ಹೌದು, ಇಲ್ಲ ಎರಡನ್ನೂ ಅದಲುಬದಲು ಮಾಡಿ ಮುಗಿಯಿತು ಅನ್ನುತ್ತಾರೆ. ಆಗ ಬರೀ "1" ಎಂದು ಹೇಳಿ ನಿಲ್ಲಿಸಿ. ಹುಡುಗ 001ರಲ್ಲಿ ನಿಂತು ಹೌದು ಎನ್ನುತ್ತಾನೆ, ಇಲ್ಲ ಎನ್ನಬೇಕಿತ್ತು. ಕೋಣೆಗಳು ಎಂಟೇ ಸಾಕು, ಆದರೆ ಆರಂಭದ ಕೋಣೆ ಬದಲಾಗಬೇಕು. ಎಲ್ಲಿಗೆ ಎಂಬುದನ್ನು ಅವರೇ ಹುಡುಕಲಿ; ನಮ್ಮ ಆ ಇಬ್ಬರು ಹುಡುಗಿಯರಿಗೆ ಎರಡು ನಿಮಿಷ ಹಿಡಿಯಿತು.